ವೆಸ್ಟರ್ನ್ ಡಿಸ್ಟರ್ಬನ್ಸ್: ಯಾವುದು ಸುರಿಸುತ್ತದೆ, ಯಾವುದು ಸುಮ್ಮನೆ ದಾಟಿಹೋಗುತ್ತದೆ

ಪ್ರಶ್ನೆ: ಜನವರಿ ಕೊನೆಯ ವಾರ ಮನೆಯವರೆಲ್ಲ ದೆಹಲಿ ಮೇಲೆ ಮನಾಲಿಗೆ ಹೊರಟಿದ್ದೇವೆ. ದಿನಾ ಹವಾಮಾನ ಸುದ್ದಿ ನೋಡುತ್ತಿದ್ದೇನೆ. ವಾರಕ್ಕೊಂದೆರಡು ಸಲ "ವೆಸ್ಟರ್ನ್ ಡಿಸ್ಟರ್ಬನ್ಸ್ ಬರ್ತಿದೆ" ಅಂತ ಹೇಳುತ್ತಾರೆ. ಒಂದು ಸಲ ದೆಹಲಿವರೆಗೂ ಮಳೆ, ಬೆಟ್ಟದಲ್ಲಿ ರಸ್ತೆ ಬಂದ್ ಆಗುವಷ್ಟು ಹಿಮ; ಇನ್ನೊಂದು ಸಲ ಬರೀ ಮೋಡ. ಮೆಡಿಟರೇನಿಯನ್ ಸಮುದ್ರದಿಂದ ಹೊರಟ ಮಳೆ ದಾರಿಯಲ್ಲೇ ಖಾಲಿಯಾಗಿಬಿಡುತ್ತದೆಯೇ? ಯಾವುದು ಸುರಿಸುತ್ತದೆ, ಯಾವುದು ಹುಸಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಬಹುದೇ?

ಉತ್ತರ: ದಾರಿಯಲ್ಲಿ ಖಾಲಿಯಾಗುವ ಮಾತಿಲ್ಲ, ಏಕೆಂದರೆ ಅಲ್ಲಿಂದ ತುಂಬಿಕೊಂಡು ಬರುವುದೇ ಕಡಿಮೆ. ಮೆಡಿಟರೇನಿಯನ್, ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯಿಂದ ಹಿಮಾಲಯದವರೆಗೆ ಪ್ರಯಾಣ ಮಾಡುವುದು ಮೋಡದ ಮೂಟೆಯಲ್ಲ, ಎತ್ತರದ ಗಾಳಿಯಲ್ಲಿ ಬಿದ್ದ ಒಂದು ಬಾಗು. ಹೊರಟಾಗ ಇದ್ದ ಮೋಡ ಇರಾನ್ ದಾಟುವಷ್ಟರಲ್ಲಿ ಸುರಿದು, ಕರಗಿ, ಮತ್ತೆ ಹೊಸದಾಗಿ ಕಟ್ಟಿರುತ್ತದೆ. ಉತ್ತರ ಭಾರತದಲ್ಲಿ ಸುರಿಯುವ ನೀರಿನ ದೊಡ್ಡ ಪಾಲು ಹತ್ತಿರದ್ದು: ಮುಖ್ಯವಾಗಿ ಅರಬ್ಬಿ ಸಮುದ್ರದ್ದು, ಜೊತೆಗೆ ಪರ್ಷಿಯನ್ ಕೊಲ್ಲಿ ಮತ್ತು ಕೆಂಪು ಸಮುದ್ರದ್ದು. ಆದ್ದರಿಂದ ಕ್ಷೋಭೆ, ಅಂದರೆ ವೆಸ್ಟರ್ನ್ ಡಿಸ್ಟರ್ಬನ್ಸ್, ಬರುತ್ತದೆಯೇ ಎನ್ನುವುದಕ್ಕಿಂತ ಆ ಬಾಗು ಎಷ್ಟು ದಕ್ಷಿಣಕ್ಕೆ ಇಳಿದಿದೆ, ಅರಬ್ಬಿ ಸಮುದ್ರದ ತೇವವನ್ನು ಎಳೆದುಕೊಳ್ಳುತ್ತದೆಯೇ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಬೇಕು. ಈ ಮೂರೂ ಹವಾಮಾನ ಇಲಾಖೆಯ ದೈನಂದಿನ ಬುಲೆಟಿನ್‌ನಲ್ಲೇ ಇರುತ್ತವೆ. ಟಿವಿ ಸುದ್ದಿಯಲ್ಲಿ ಅವನ್ನು ಬಿಟ್ಟು "ಬರ್ತಿದೆ" ಎಂಬುದನ್ನಷ್ಟೇ ಓದುತ್ತಾರೆ, ಅಷ್ಟೆ.

ಮೊದಲು ಆ ಬಾಗಿನ ವಿಷಯ. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣ ಅಂಚಿನ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಒಂದು ವೇಗದ ಪಟ್ಟಿ ಹರಿಯುತ್ತದೆ. ಇದೇ ಉಪೋಷ್ಣವಲಯದ ಜೆಟ್ ಸ್ಟ್ರೀಮ್. ಇದರ ವೇಗ ಗಂಟೆಗೆ 180-200 ಕಿಲೋಮೀಟರ್ ದಾಟುವುದು ಸಾಮಾನ್ಯ. ಈ ಪಟ್ಟಿ ನೇರಗೆರೆಯಂತೆ ಹರಿಯುವುದಿಲ್ಲ, ಹೊಳೆಯಂತೆ ಬಳುಕುತ್ತದೆ. ದಕ್ಷಿಣಕ್ಕೆ ಬಳುಕಿದ ಜಾಗದಲ್ಲಿ ಉತ್ತರದ ತಂಪು ಗಾಳಿ ಕೆಳಗಿಳಿದಿರುತ್ತದೆ. ಅದನ್ನು ಟ್ರಫ್ ಎನ್ನುತ್ತಾರೆ. ವೆಸ್ಟರ್ನ್ ಡಿಸ್ಟರ್ಬನ್ಸ್ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಇಂಥ ಒಂದು ಟ್ರಫ್.

ಟ್ರಫ್ ಬಂದರೆ ಮೋಡ ಏಕೆ ಕಟ್ಟುತ್ತದೆ? ಬಾಗಿನ ತಳದಲ್ಲಿ ತಿರುವು ತೆಗೆದುಕೊಳ್ಳುವಾಗ ಗಾಳಿ ನಿಧಾನವಾಗುತ್ತದೆ, ತಿರುವು ಮುಗಿಸಿ ಈಶಾನ್ಯಕ್ಕೆ ಹೊರಟಾಗ ವೇಗ ಹಿಡಿಯುತ್ತದೆ. ಅಂದರೆ ಟ್ರಫ್‌ನ ಪೂರ್ವಕ್ಕಿರುವ ಜಾಗಕ್ಕೆ ಒಳಬರುವ ಗಾಳಿಗಿಂತ ಹೊರಹೋಗುವ ಗಾಳಿ ಹೆಚ್ಚು. ಮೇಲೆ ಹೀಗೆ ತೆರವಾದದ್ದನ್ನು ತುಂಬಲು ಕೆಳಗಿನ ಗಾಳಿ ಏರುತ್ತದೆ. ಏರಿದ ಗಾಳಿ ತಣ್ಣಗಾಗಿ ಮೋಡವಾಗುತ್ತದೆ. ಟ್ರಫ್‌ನ ಪಶ್ಚಿಮಕ್ಕೆ ಇದರ ತಿರುಗುಮುರುಗು: ಅಲ್ಲಿ ಗಾಳಿ ಕೆಳಗಿಳಿಯುತ್ತದೆ, ಆಕಾಶ ತಿಳಿಯಾಗುತ್ತದೆ. ಹಾಗಾಗಿ ಮಳೆ-ಹಿಮ ಬೀಳುವುದು ಟ್ರಫ್‌ನ ಅಕ್ಷ, ಅಂದರೆ ಬಾಗಿನ ನಡುಗೆರೆ, ತಲುಪುವ ಮುಂಚೆ ಮತ್ತು ತಲುಪುವ ಹೊತ್ತಿಗೆ. ಅಕ್ಷ ದಾಟಿದ ಮೇಲೆ ಬಿಸಿಲು. "ಕ್ಷೋಭೆ ನಾಳೆ ತಲುಪುತ್ತದೆ" ಎಂದು ಓದಿ ಇವತ್ತು ಆರಾಮವಾಗಿ ಮನಾಲಿಯ ಮೇಲಿನ ರೋಹತಾಂಗ್ ಘಾಟಿಯ ಕಡೆ ಹೊರಡುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಈ ಟ್ರಫ್‌ಗಳು ದಿನಕ್ಕೆ ಸರಾಸರಿ 8ರಿಂದ 10 ರೇಖಾಂಶದಷ್ಟು ಪೂರ್ವಕ್ಕೆ ಸರಿಯುತ್ತವೆ. ಮೆಡಿಟರೇನಿಯನ್ನಿನ ಪೂರ್ವ ತೀರದಿಂದ ಕಾಶ್ಮೀರಕ್ಕೆ ನಾಲ್ಕೈದು ದಿನದ ದಾರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಸುಮಾರು ನಾಲ್ಕರಿಂದ ಏಳು ಬರುತ್ತವೆ, ಆದರೆ ಎಲ್ಲವೂ ಸುರಿಸುವುದಿಲ್ಲ. ನೀವು ಕೇಳಿದ "ಹುಸಿ" ಇರುವುದು ಈ ವ್ಯತ್ಯಾಸದಲ್ಲಿ.

ಐದಾರು ಕಿಲೋಮೀಟರ್ ಎತ್ತರದ ತಂಪು ಗಾಳಿಯಲ್ಲಿ ನೀರಾವಿ ತೀರಾ ಕಡಿಮೆ. ಅದನ್ನು ಎಷ್ಟೇ ಮೇಲೆತ್ತಿದರೂ ತೆಳು ಬಿಳಿಮೋಡ ಕಟ್ಟೀತು, ಮಳೆ ಬರದು. ಮಳೆಯಾಗಬೇಕಾದರೆ ನೆಲದಿಂದ ಒಂದೂವರೆ-ಎರಡು ಕಿಲೋಮೀಟರ್‌ವರೆಗಿನ ಪದರದಲ್ಲಿ ಸಮುದ್ರದ ತೇವ ಬಂದು ಸೇರಬೇಕು. ಆ ಕೆಲಸ ಮಾಡುವುದು ರಾಜಸ್ಥಾನ ಮತ್ತು ಅದರ ಅಕ್ಕಪಕ್ಕದ ಪಾಕಿಸ್ತಾನದ ಮೇಲೆ ಹುಟ್ಟುವ ಸುಳಿಗಾಳಿ. ಮೇಲಿನ ಟ್ರಫ್ ಸಾಕಷ್ಟು ಆಳವಾಗಿದ್ದರೆ ಅದರ ಪ್ರಭಾವದಿಂದ ಕೆಳಗೆ ಒತ್ತಡ ಕುಸಿದು ಈ ಎರಡನೆಯ ಸುಳಿ ಹುಟ್ಟುತ್ತದೆ. ಬುಲೆಟಿನ್‌ನಲ್ಲಿ ಇದಕ್ಕೆ "ಇಂಡ್ಯೂಸ್ಡ್ ಸೈಕ್ಲೋನಿಕ್ ಸರ್ಕ್ಯುಲೇಷನ್" ಎನ್ನುತ್ತಾರೆ. ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದರಿಂದ ಅದರ ಪೂರ್ವ ಮಗ್ಗುಲಲ್ಲಿ ಗಾಳಿ ದಕ್ಷಿಣದಿಂದ ಬೀಸುತ್ತದೆ. ಹೀಗೆ ಅರಬ್ಬಿ ಸಮುದ್ರದ ತೇವ ಗುಜರಾತ್, ರಾಜಸ್ಥಾನದ ಮೇಲೆ ಹಾದು ಹರಿಯಾಣ, ಪಂಜಾಬ್, ದೆಹಲಿ ಸೇರುತ್ತದೆ. ಅಲ್ಲಿ ಮೇಲಿನ ಟ್ರಫ್ ಅದನ್ನು ಎತ್ತುತ್ತದೆ.

ಬೆಟ್ಟ ಮತ್ತು ಬಯಲಿನ ನಡುವಿನ ಅಂತರವೂ ಇದರಲ್ಲೇ ಅಡಗಿದೆ. ಬೆಟ್ಟದಲ್ಲಿ ಗಾಳಿಯನ್ನು ಎತ್ತಲು ಇಳಿಜಾರು ಇದೆ. ನೈಋತ್ಯದಿಂದ ಬಂದ ಗಾಳಿ ಪೀರ್ ಪಂಜಾಲ್, ಧೌಲಾಧಾರ್ ಸಾಲುಗಳಿಗೆ ಬಡಿದು ಏರಲೇಬೇಕು. ಸ್ವಲ್ಪ ತೇವವಿದ್ದರೂ ಹಿಮವಾಗಿ ಇಳಿಯುತ್ತದೆ. ಬಯಲಿಗೆ ಆ ಆಸರೆ ಇಲ್ಲ. ಅದಕ್ಕೇ ಸುಳಿಗಾಳಿ ಹುಟ್ಟದ ದುರ್ಬಲ ಕ್ಷೋಭೆಯಲ್ಲೂ ಗುಲ್ಮಾರ್ಗ್‌ಗೆ ನಾಲ್ಕಾರು ಇಂಚು ಹಿಮ ಬಿದ್ದೀತು, ದೆಹಲಿಯಲ್ಲಿ ಮೋಡ ಬಂದು ಹೋಗುತ್ತದೆ. ಸಾಲು ಸಾಲು ಪರ್ವತಗಳಲ್ಲಿ ತೇವವನ್ನೆಲ್ಲ ಕಳೆದುಕೊಂಡ ಗಾಳಿ ಲೇಹ್ ತಲುಪುವಾಗ ಬಹುತೇಕ ಒಣಗಿರುತ್ತದೆ. ಅಲ್ಲಿ ಇಡೀ ವರ್ಷದ ಮಳೆ-ಹಿಮ ಸೇರಿಸಿದರೂ 100 ಮಿಲಿಮೀಟರ್ ಆಸುಪಾಸು.

ಈಗ ಬುಲೆಟಿನ್ ಓದುವ ಬಗೆ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣ mausam.imd.gov.in ನಲ್ಲಿ ಅಖಿಲ ಭಾರತ ಬುಲೆಟಿನ್ ದಿನಕ್ಕೆ ಹಲವು ಸಲ ಬರುತ್ತದೆ. ಅದರ ಒಂದು ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: "ವೆಸ್ಟರ್ನ್ ಡಿಸ್ಟರ್ಬನ್ಸ್ ಮಧ್ಯಮ ಹಾಗೂ ಮೇಲ್ಮಟ್ಟದ ಪಡುವಣ ಗಾಳಿಯಲ್ಲಿ ಟ್ರಫ್ ಆಗಿ ಕಾಣಿಸಿಕೊಂಡಿದ್ದು, ಅದರ ಅಕ್ಷ ಸಮುದ್ರಮಟ್ಟದಿಂದ 5.8 ಕಿ.ಮೀ. ಎತ್ತರದಲ್ಲಿ 62 ಡಿಗ್ರಿ ಪೂರ್ವ ರೇಖಾಂಶದ ಗುಂಟ, 28 ಡಿಗ್ರಿ ಉತ್ತರ ಅಕ್ಷಾಂಶದ ಉತ್ತರಕ್ಕಿದೆ." ಒಣ ವಾಕ್ಯ ಎನಿಸಬಹುದು, ಆದರೆ ನಿಮಗೆ ಬೇಕಾದ ಮೂರರಲ್ಲಿ ಎರಡಕ್ಕೆ ಉತ್ತರ ಇದರಲ್ಲೇ ಇದೆ.

ಮೊದಲು ಅಕ್ಷಾಂಶ ನೋಡಿ. "28ರ ಉತ್ತರಕ್ಕೆ" ಎಂದರೆ ಬಾಗು ದೆಹಲಿಯ ಅಕ್ಷಾಂಶದವರೆಗೂ ಇಳಿದಿದೆ ಎಂದರ್ಥ. ದೆಹಲಿ ಇರುವುದು 28.6ರಲ್ಲಿ. ಆ ಸಂಖ್ಯೆ 32 ಅಥವಾ 34 ಆಗಿದ್ದರೆ ಟ್ರಫ್ ಮೇಲೆಯೇ ಉಳಿದಿದೆ: ಕಾಶ್ಮೀರಕ್ಕೆ ಒಂದಿಷ್ಟು, ಹಿಮಾಚಲಕ್ಕೆ ಅಲ್ಪಸ್ವಲ್ಪ, ಬಯಲಿಗೆ ಏನೂ ಇಲ್ಲ. 22, 24 ಎಂದಿದ್ದರೆ ಬಾಗು ಗುಜರಾತ್-ರಾಜಸ್ಥಾನದ ಮಟ್ಟಕ್ಕೆ ಇಳಿದಿದೆ. ಸಮುದ್ರದ ತೇವಕ್ಕೆ ಕೈಹಾಕುವಷ್ಟು ಹತ್ತಿರ. ಇಂಥದ್ದನ್ನು ಕಂಡಾಗ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೇ ಸಂಖ್ಯೆ ನೋಡಲು ಪುರುಸೊತ್ತು ಇದೆ ಎಂದಾದರೆ ಈ ಅಕ್ಷಾಂಶವನ್ನೇ ನೋಡಿ ಎನ್ನುತ್ತೇನೆ.

ರೇಖಾಂಶದಿಂದ ಸಮಯ ತಿಳಿಯುತ್ತದೆ. 62 ಡಿಗ್ರಿ ಎಂದರೆ ಹೆಚ್ಚುಕಡಿಮೆ ಇರಾನ್-ಪಾಕಿಸ್ತಾನದ ಗಡಿ. ಮನಾಲಿ 77ರ ಸುಮಾರಿಗಿದೆ. ಅಂತರ 15 ಡಿಗ್ರಿ. ದಿನಕ್ಕೆ 8ರಿಂದ 10ರಂತೆ ಅಕ್ಷ ಮನಾಲಿ ತಲುಪಲು ಒಂದೂವರೆ-ಎರಡು ದಿನ ಬೇಕು. ಆದರೆ ಸುರಿಯುವ ಭಾಗ ಅಕ್ಷಕ್ಕಿಂತ ಮುಂದೆ ಇರುವುದರಿಂದ, ಮನಾಲಿಯಲ್ಲಿ ಮೋಡ ಸುಮಾರು ಒಂದು ದಿನದೊಳಗೆ ದಟ್ಟವಾಗಿ, ಅದರ ಹಿಂದೆಯೇ ಹಿಮ ಶುರುವಾಗಬಹುದು. ಕಾಶ್ಮೀರದಲ್ಲಿ ಇನ್ನೂ ಅರ್ಧ ದಿನ ಮುಂಚೆ. ಮಾರನೆಯ ದಿನದ ಬುಲೆಟಿನ್‌ನಲ್ಲಿ ಅದೇ ಅಕ್ಷ 71ಕ್ಕೆ ಬಂದಿದ್ದರೆ ಲೆಕ್ಕ ಸರಿಯಾಗಿದೆ. 65ಕ್ಕೆ ಮಾತ್ರ ಬಂದಿದ್ದರೆ ಕ್ಷೋಭೆ ನಿಧಾನವಾಗಿದೆ ಎಂದರ್ಥ, ಅದು ಸಂತೋಷದ ಸುದ್ದಿಯಲ್ಲ: ನಿಧಾನವಾದದ್ದು ಹೆಚ್ಚು ಹೊತ್ತು ನಿಂತು ಹೆಚ್ಚು ಸುರಿಸುತ್ತದೆ. ದಿನಕ್ಕೆ 15 ಡಿಗ್ರಿ ಓಡುತ್ತಿರುವುದು ತೇವ ಬಂದು ಸೇರುವ ಮೊದಲೇ ದಾಟಿಹೋಗುತ್ತದೆ.

ಮೂರನೆಯ ಉತ್ತರ ಮುಂದಿನ ಸಾಲಿನಲ್ಲಿ ಸಿಗುತ್ತದೆ. "ಪಶ್ಚಿಮ ರಾಜಸ್ಥಾನ ಮತ್ತು ನೆರೆಯ ಪ್ರದೇಶದ ಮೇಲೆ ಪ್ರೇರಿತ ಸುಳಿಗಾಳಿ", ಅದರ ಜೊತೆಗೆ "ಅರಬ್ಬಿ ಸಮುದ್ರದಿಂದ ತೇವಾಂಶ ಒಳಬರುತ್ತಿದೆ" ಎಂಬ ಮಾತು ಇದ್ದರೆ ಬಯಲಿಗೂ ಮಳೆ ಖಾತ್ರಿ ಎನ್ನುವಷ್ಟು ನಂಬಬಹುದು. ಆ ಸಾಲು ಇಲ್ಲದ ಕ್ಷೋಭೆಯನ್ನು ದೆಹಲಿಯವರು ಮರೆತುಬಿಡಬಹುದು, ಮನಾಲಿಗೆ ಹೋಗುವವರು ಮರೆಯಬಾರದು.

ಮೂರೂ ಕೂಡಿಬಂದಾಗ ಏನಾಗುತ್ತದೆ ಎಂಬುದಕ್ಕೆ 2024ರ ಡಿಸೆಂಬರ್ 27-28 ಒಳ್ಳೆಯ ನಿದರ್ಶನ. ಕ್ಷೋಭೆ ಬಲವಾಗಿತ್ತು, ಸಮುದ್ರದ ತೇವ ಸಿಕ್ಕಿತು, ಸಾಲದ್ದಕ್ಕೆ ಕೆಳಪದರದಲ್ಲಿ ಮೂಡಗಾಳಿಯೂ ಬಂದು ಪಡುವಣ ಗಾಳಿಗೆ ಎದುರಾಯಿತು. 28ರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ದೆಹಲಿಯ ಸಫ್ದರ್‌ಜಂಗ್‌ನಲ್ಲಿ 41.2 ಮಿಲಿಮೀಟರ್ ಮಳೆಯಾಯಿತು. ಅಲ್ಲಿ ಡಿಸೆಂಬರ್ ತಿಂಗಳು ಪೂರ್ತಿ ಸೇರಿಸಿದರೂ ವಾಡಿಕೆ ಮಳೆ 10 ಮಿಲಿಮೀಟರ್ ಮುಟ್ಟುವುದಿಲ್ಲ. ಅದೇ ಹೊತ್ತಿನಲ್ಲಿ ಕಾಶ್ಮೀರದಲ್ಲಿ ಭಾರಿ ಹಿಮ ಬಿದ್ದು ಜಮ್ಮು-ಶ್ರೀನಗರ ಹೆದ್ದಾರಿ ಮುಚ್ಚಿತು, ವಿಮಾನಗಳು ನಿಂತವು. ಇದಕ್ಕೆ ತದ್ವಿರುದ್ಧ ಅದೇ ವರ್ಷದ ಜನವರಿಯದು. ಕಾಶ್ಮೀರಿಗಳು ಚಿಲ್ಲಾಯಿ ಕಲಾನ್ ಎಂದು ಕರೆಯುವ, ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳ ಕಡುಚಳಿಯ ಅವಧಿ ಬಹುಮಟ್ಟಿಗೆ ಒಣದಾಗಿ ಕಳೆಯಿತು. ಗುಲ್ಮಾರ್ಗ್‌ನ ಸ್ಕೀ ಇಳಿಜಾರುಗಳಲ್ಲಿ ಕಂದು ಹುಲ್ಲು ಕಾಣುತ್ತಿತ್ತು. ಸರಿಯಾದ ಹಿಮ ಬಂದದ್ದು ಜನವರಿ ಕೊನೆಗೆ ಮತ್ತು ಫೆಬ್ರವರಿಯಲ್ಲಿ. ಹಾಗಾಗಿ ಜನವರಿ ಎಂದಮೇಲೆ ಹಿಮ ಇದ್ದೇ ಇರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನೀವು ಇಳಿದುಕೊಂಡಿರುವ ಜಾಗದಲ್ಲಿ ಬೀಳುವುದು ಹಿಮವೋ ಮಳೆಯೋ? ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಅಂದರೆ ಗಡಿಯಲ್ಲೇ ಕೂತಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಿಮ ನೋಡಲು ಹೋಗಿ ಮಳೆಯಲ್ಲಿ ನೆನೆದು ಬರುವವರು ಕಡಿಮೆಯೇನಿಲ್ಲ.

ಮಳೆ ಬೀಳುತ್ತಿರುವ ತೇವದ ಗಾಳಿಯಲ್ಲಿ ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕುಲ್ಲು ಕಣಿವೆಯ ಭುಂತರ್ ವಿಮಾನ ನಿಲ್ದಾಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಸಂಜೆ ಅಲ್ಲಿ ಮಳೆ ಬೀಳುತ್ತಿದೆ, ಉಷ್ಣತೆ 7 ಡಿಗ್ರಿ ಎಂದಿಟ್ಟುಕೊಳ್ಳಿ. ಏಳನ್ನು ಆರರಿಂದ ಭಾಗಿಸಿದರೆ 1.17, ಅಂದರೆ ಭುಂತರ್‌ನಿಂದ ಸುಮಾರು 1,170 ಮೀಟರ್ ಮೇಲೆ, ಸಮುದ್ರಮಟ್ಟದಿಂದ 2,260 ಮೀಟರ್ ಎತ್ತರದಲ್ಲಿ ಸೊನ್ನೆ ಡಿಗ್ರಿ. ಹಿಮದ ಹಳುಕು ಸೊನ್ನೆ ಡಿಗ್ರಿಯ ಗೆರೆ ದಾಟಿದ ಕೂಡಲೇ ಕರಗುವುದಿಲ್ಲ, ಪೂರ್ತಿ ನೀರಾಗಲು ಇನ್ನೂ 200-300 ಮೀಟರ್ ಇಳಿಯಬೇಕು. ಹಾಗಾದರೆ ಹಿಮದ ಕೆಳಗಿನ ಅಂಚು 1,960ರಿಂದ 2,060 ಮೀಟರ್. ಮನಾಲಿಯ ಮಾಲ್ ರಸ್ತೆಯಲ್ಲಿ ನೀರುನೀರಾದ ಹಿಮ, ಸೋಲಂಗ್ ಕಣಿವೆಯಲ್ಲಿ ಒಳ್ಳೆಯ ಹಿಮ, ಕುಲ್ಲುವಿನಲ್ಲಿ ಮಳೆ. ಭುಂತರ್‌ನಲ್ಲಿ 10 ಡಿಗ್ರಿ ಇದ್ದರೆ ಅದೇ ಲೆಕ್ಕದಲ್ಲಿ ಅಂಚು 500 ಮೀಟರ್ ಮೇಲೇರುತ್ತದೆ, ಮನಾಲಿಗೆ ಬರೀ ಮಳೆ.

ಈ ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಮಳೆ ಶುರುವಾಗುವ ಮೊದಲಿನ ಉಷ್ಣತೆ ತೆಗೆದುಕೊಂಡರೆ ತಪ್ಪು ಬರುತ್ತದೆ: ಒಣ ಗಾಳಿಯಲ್ಲಿ ಮೊದಲ ಹನಿಗಳು ಆವಿಯಾಗುತ್ತಾ ಗಾಳಿಯನ್ನು ಮೂರ್ನಾಲ್ಕು ಡಿಗ್ರಿ ತಣ್ಣಗಾಗಿಸುತ್ತವೆ. ಮಧ್ಯಾಹ್ನ 10 ಡಿಗ್ರಿ ಇದ್ದದ್ದು ಮಳೆ ಹಿಡಿದ ಗಂಟೆಯೊಳಗೆ 6ಕ್ಕೆ ಬರಬಹುದು. ಎರಡನೆಯದು, ಜೋರಾಗಿ ಬಿದ್ದಷ್ಟೂ ಹಿಮದ ಅಂಚು ತಾನಾಗಿ ಕೆಳಗಿಳಿಯುತ್ತದೆ. ಕರಗಲು ಬೇಕಾದ ಶಾಖವನ್ನು ಹಿಮ ಸುತ್ತಲಿನ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಹೊರಗಿನ ಬೆಚ್ಚನೆ ಗಾಳಿ ಒಳಬರಲು ದಾರಿ ಕಡಿಮೆ. ಆದ್ದರಿಂದ ಮನಾಲಿ, ಶಿಮ್ಲಾಗಳಲ್ಲಿ ಸಂಜೆ ಮಳೆಯಾಗಿ ಶುರುವಾದದ್ದು ರಾತ್ರಿ ಸದ್ದಿಲ್ಲದೆ ಹಿಮಕ್ಕೆ ತಿರುಗುವುದು ಸಾಮಾನ್ಯ. ಕಾರಿನ ಗಾಜಿನ ಮೇಲೆ ಬಿದ್ದ ಹನಿ ಸಿಡಿಯದೆ ಮೆತ್ತಗೆ ಅಂಟಿ, ಒಂದು ಕ್ಷಣ ಬೆಳ್ಳಗೆ ನಿಂತು ಆಮೇಲೆ ಕರಗತೊಡಗಿದರೆ ತಿರುಗುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಇನ್ನೂ ಮೇಲೆ ಹೋಗುವ ಯೋಚನೆ ಇದ್ದರೆ ಬಿಟ್ಟು, ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸುವ ಸಮಯ ಅದು.

ಎಷ್ಟು ಹಿಮ ಎಂಬುದಕ್ಕೆ ಸುಲಭ ಲೆಕ್ಕವಿದೆ. ಮುನ್ಸೂಚನೆಯ ಮಿಲಿಮೀಟರ್‌ಗಳೆಲ್ಲ ನೀರಿನ ಲೆಕ್ಕ. ಒಂದು ಮಿಲಿಮೀಟರ್ ನೀರು ಸುಮಾರು ಒಂದು ಸೆಂಟಿಮೀಟರ್ ಹಿಮ. 30 ಮಿಲಿಮೀಟರ್ ಎಂದರೆ 30 ಸೆಂಟಿಮೀಟರ್, ಅಂದರೆ ಒಂದಡಿ. ಸೊನ್ನೆಯ ಆಸುಪಾಸಿನ ಒದ್ದೆ ಹಿಮವಾದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎತ್ತರವಷ್ಟೇ ನಿಲ್ಲುತ್ತದೆ. ಗುಲ್ಮಾರ್ಗ್‌ನಂಥ ಕಡೆಯ ತಣ್ಣನೆ ಪುಡಿಹಿಮ ಇನ್ನಷ್ಟು ಉಬ್ಬಿಕೊಳ್ಳುತ್ತದೆ. ಒದ್ದೆ ಹಿಮ ಎತ್ತರದಲ್ಲಿ ಕಡಿಮೆಯಾದರೂ ತೂಕದಲ್ಲಿ ಅಷ್ಟೇ: ಮರದ ಕೊಂಬೆ ಮುರಿಯುವುದು, ಕರೆಂಟ್ ತಂತಿ ಕಡಿಯುವುದು ಇದರಿಂದಲೇ.

ಬುಲೆಟಿನ್ ಇಲ್ಲದಿದ್ದರೂ ಕ್ಷೋಭೆ ಬರುವ ಸೂಚನೆ ಬಯಲಿನಲ್ಲಿ ಕಾಣುತ್ತದೆ. ಒಂದೆರಡು ದಿನ ಮೊದಲು ಎಳೆಎಳೆಯಾದ ಎತ್ತರದ ಮೋಡ ಪಶ್ಚಿಮದಿಂದ ಹರಡುತ್ತದೆ. ರಾತ್ರಿಯ ಚಳಿ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ, ಏಕೆಂದರೆ ಮೋಡ ನೆಲದ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ವಾಯವ್ಯದಿಂದ ಬೀಸುತ್ತಿದ್ದ ಒಣಗಾಳಿ ನಿಂತು ಮೂಡಗಾಳಿ ಏಳುತ್ತದೆ. ಶ್ರೀನಗರದಲ್ಲಿ ಮೈನಸ್ 5 ಇದ್ದ ರಾತ್ರಿಯ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಏರಿದರೆ ಚಳಿ ಮುಗಿಯಿತು ಎಂದುಕೊಳ್ಳುವುದು ಹೊಸಬರು ಮಾತ್ರ. ಇನ್ಸಾಟ್ ಉಪಗ್ರಹದ ನೀರಾವಿ ಚಿತ್ರವನ್ನು ಇಲಾಖೆಯ ತಾಣದಲ್ಲೇ ನೋಡಬಹುದು. ಅದರಲ್ಲಿ ಒಣ ಗಾಳಿಯ ಕಪ್ಪು ಪಟ್ಟಿಯೊಂದು ಇರಾನ್-ಅಫ್ಘಾನಿಸ್ತಾನದ ಮೇಲೆ ದಕ್ಷಿಣಕ್ಕೆ ಇಳಿದು, ಅದರ ಪೂರ್ವಕ್ಕೆ ಅರಬ್ಬಿ ಸಮುದ್ರದಿಂದ ಈಶಾನ್ಯಕ್ಕೆ ಬಿಳಿ ಪಟ್ಟಿ ಚಾಚಿದ್ದರೆ ಬೇರೇನೂ ನೋಡಬೇಕಿಲ್ಲ. ಕಪ್ಪು ಪಟ್ಟಿ ಇದ್ದು ಬಿಳಿ ಪಟ್ಟಿ ತುಂಡುತುಂಡಾಗಿದ್ದರೆ ಅದು ನೀವು ಹೇಳುವ ಹುಸಿ ಕ್ಷೋಭೆ.

ದಾಟಿಹೋದ ಮೇಲಿನ ಎರಡು ದಿನಗಳಿಗೆ ಜನ ಗಮನ ಕೊಡುವುದು ಕಡಿಮೆ, ತೊಂದರೆ ಮಾತ್ರ ಹೆಚ್ಚು. ಆಕಾಶ ತೊಳೆದಂತೆ ತಿಳಿಯಾಗುತ್ತದೆ, ಉತ್ತರದ ತಣ್ಣನೆ ಗಾಳಿ ಹಿಂದೆಯೇ ನುಗ್ಗುತ್ತದೆ, ರಾತ್ರಿ ಉಷ್ಣತೆ ಧಡಕ್ಕನೆ ಕುಸಿಯುತ್ತದೆ. ಬೆಟ್ಟದ ರಸ್ತೆಯಲ್ಲಿ ಹಗಲು ಕರಗಿದ ನೀರು ರಾತ್ರಿ ಗಾಜಿನಂಥ ಪಾರದರ್ಶಕ ಮಂಜುಗಡ್ಡೆಯಾಗುತ್ತದೆ; ಅದು ಹಿಮದಂತೆ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಬಿಸಿಲು ತಾಗಿದ ಮೇಲೆ, ಅಂದರೆ ಹತ್ತರ ನಂತರ ಹೊರಟು ಸಂಜೆಯೊಳಗೆ ಊರು ಸೇರುವುದು ಒಳ್ಳೆಯದು. ಎತ್ತರದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ಹಿಮ ಬೀಳುವಾಗಷ್ಟೇ ಅಲ್ಲ, ನಿಂತ ಮೇಲಿನ ಒಂದೆರಡು ದಿನವೂ ಹೆಚ್ಚಿರುತ್ತದೆ: ಹೊಸ ಹಿಮ ಹಳೆಯದಕ್ಕೆ ಇನ್ನೂ ಕಚ್ಚಿಕೊಂಡಿರುವುದಿಲ್ಲ, ಮೇಲಿಂದ ಬಿಸಿಲು ಬೇರೆ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಎಚ್ಚರಿಕೆ ಹೊರಡಿಸುತ್ತದೆ. ಮನಾಲಿಯಿಂದ ಲಾಹೌಲ್ ಕಡೆಗೆ ಹೋಗುವ ಅಟಲ್ ಸುರಂಗದ ದಕ್ಷಿಣ ಬಾಯಿ ಇರುವುದೇ 3,000 ಮೀಟರ್‌ಗಿಂತ ಎತ್ತರದಲ್ಲಿ. ಸುರಂಗ ತೆರೆದಿದೆ ಎಂದಮಾತ್ರಕ್ಕೆ ಅಲ್ಲಿಗೆ ಹೋಗುವ ರಸ್ತೆ ತೆರೆದಿದೆ ಎಂದಲ್ಲ.

ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಒಂದು ವಿಷಯ ನೆನಪಿರಲಿ. 2022ರ ಜನವರಿ 7-8ರ ರಾತ್ರಿ ಇಸ್ಲಾಮಾಬಾದ್ ಹತ್ತಿರದ ಮರ್ರೀ ಗಿರಿಧಾಮದಲ್ಲಿ ಇಂಥದ್ದೇ ಕ್ಷೋಭೆಯ ಹಿಮಕ್ಕೆ ಸಿಲುಕಿ ಕನಿಷ್ಠ 22 ಪ್ರವಾಸಿಗರು ತೀರಿಕೊಂಡರು, ಬಹುತೇಕರು ಕಾರಿನೊಳಗೇ. ಹಿಮ ಹೊಗೆಕೊಳವೆಯನ್ನು ಮುಚ್ಚಿದಾಗ ಇಂಜಿನ್ ಓಡಿಸಿ ಹೀಟರ್ ಹಾಕಿಕೊಂಡು ಗಾಜು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಇಂಜಿನ್ ಹಚ್ಚುವ ಮುಂಚೆ ಪ್ರತಿ ಸಲವೂ ಕೆಳಗಿಳಿದು ಕೊಳವೆಯ ಬಾಯಿ ಬಿಡಿಸಿ, ಗಾಳಿ ಬರುವ ಕಡೆಗೆ ವಿರುದ್ಧದ ಗಾಜನ್ನು ಒಂದಿಂಚು ಇಳಿಸಿ, ಹತ್ತು ನಿಮಿಷ ಓಡಿಸಿ ಆರಿಸಿ.

ಬಯಲಿನ ಕಡೆ ಮಳೆಯ ಮರುದಿನದ ತಲೆನೋವು ಮಂಜು. ನೆಲ ಒದ್ದೆ, ಆಕಾಶ ತಿಳಿ, ಗಾಳಿ ಕಡಿಮೆ. ಈ ಮೂರು ಸೇರಿದ ರಾತ್ರಿ ಪಂಜಾಬಿನಿಂದ ಬಿಹಾರದವರೆಗೆ ದಟ್ಟ ಮಂಜು ಕವಿಯುತ್ತದೆ. 200 ಮೀಟರ್ ಆಚೆ ಕಾಣದಿದ್ದರೆ ದಟ್ಟ, 50 ಮೀಟರ್ ಆಚೆ ಕಾಣದಿದ್ದರೆ ಅತಿದಟ್ಟ ಎಂದು ಇಲಾಖೆ ಲೆಕ್ಕ ಹಾಕುತ್ತದೆ. ನಿಮ್ಮ ವಾಪಸ್ ವಿಮಾನ ದೆಹಲಿಯಿಂದ ಬೆಳಿಗ್ಗೆ ಐದಾರು ಗಂಟೆಗಿದ್ದು, ಅದರ ಹಿಂದಿನ ದಿನವಷ್ಟೇ ಮಳೆ ನಿಂತಿದ್ದರೆ, ಮಧ್ಯಾಹ್ನದ ವಿಮಾನಕ್ಕೆ ಬದಲಾಯಿಸುವುದೇ ಜಾಣತನ.

ಫೆಬ್ರವರಿ ದಾಟಿದ ಮೇಲೆ ಕ್ಷೋಭೆಯ ಸ್ವಭಾವವೂ ಬದಲಾಗುತ್ತದೆ. ನೆಲ ಕಾದಿರುವುದರಿಂದ ಮೃದುವಾದ ಮಳೆಯ ಬದಲು ಗುಡುಗು, ಆಲಿಕಲ್ಲು. ರಾಜಸ್ಥಾನದಲ್ಲಿ ಮಾವಠ್, ಉತ್ತರ ಪ್ರದೇಶದಲ್ಲಿ ಮಹಾವಟ್ ಎನ್ನುವ ಡಿಸೆಂಬರ್-ಜನವರಿಯ ಮಳೆಗೆ ಗೋಧಿ ಬೆಳೆಗಾರರು ಕಾದು ಕೂತಿರುತ್ತಾರೆ, ಒಂದು ನೀರಾವರಿಯ ಖರ್ಚು ಉಳಿಯುತ್ತದೆ. ಅದೇ ಮಳೆ ಮಾರ್ಚ್‌ನಲ್ಲಿ ತೆನೆ ತುಂಬಿದ ಮೇಲೆ ಗಾಳಿಯೊಂದಿಗೆ ಬಂದರೆ ಪೈರು ನೆಲಕ್ಕೊರಗುತ್ತದೆ. 2015ರ ಮಾರ್ಚ್‌ನಲ್ಲಿ ಉತ್ತರದ ಹಲವು ರಾಜ್ಯಗಳ ಹಿಂಗಾರು ಬೆಳೆ ಹೀಗೆಯೇ ಹಾಳಾಯಿತು.

ಕೊನೆಗೆ, ಮುನ್ಸೂಚನೆಯನ್ನು ಯಾವಾಗ ಎಷ್ಟು ನಂಬಬೇಕು ಎನ್ನುವುದು. ಹೊರಡುವ ಒಂದು ವಾರ ಮೊದಲು "ಇಂಥ ದಿನದ ಸುಮಾರಿಗೆ ಒಂದು ಕ್ಷೋಭೆ ಇದೆ" ಎಂಬಷ್ಟನ್ನು ನಂಬಿ. ಟ್ರಫ್ ದೊಡ್ಡದಾದ್ದರಿಂದ ಕಂಪ್ಯೂಟರ್ ಮಾದರಿಗಳು ಅದನ್ನು ದೂರದಿಂದಲೇ ಹಿಡಿಯುತ್ತವೆ. ಅದು ಎಷ್ಟು ಇಳಿಯುತ್ತದೆ, ತೇವ ಸಿಗುತ್ತದೆಯೇ ಎಂಬುದು ಎರಡು-ಮೂರು ದಿನ ಮೊದಲು ಗಟ್ಟಿಯಾಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಹತ್ತು ದಿನ ಮುಂಚೆ "ಮನಾಲಿಯಲ್ಲಿ 42 ಸೆಂಟಿಮೀಟರ್ ಹಿಮ" ಎಂದು ಕಂಡರೆ ಆ ಸಂಖ್ಯೆಗೆ ಬೆಲೆಯಿಲ್ಲ. ಹಿಮದ ಅಂಚು ಯಾವ ಎತ್ತರಕ್ಕೆ ಇಳಿಯುತ್ತದೆ ಎಂಬುದಂತೂ ಕೊನೆಯ 24 ಗಂಟೆಯ ವಿಷಯ. ಹೋಟೆಲನ್ನು ರದ್ದು ಮಾಡಲು ಅವಕಾಶ ಇರುವಂತೆ ಬುಕ್ ಮಾಡಿ, ಮೂರು ದಿನ ಮೊದಲು ಅಕ್ಷಾಂಶದ ಸಂಖ್ಯೆ ನೋಡಿ, ಹಿಂದಿನ ಸಂಜೆ ಭುಂತರ್‌ನ ಉಷ್ಣತೆ ನೋಡಿ. ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೆ ಮಂಡಿಯಲ್ಲೇ ಒಂದು ರಾತ್ರಿ ತಂಗಿ. ಆ ಊರು ಸಾವಿರ ಮೀಟರ್‌ಗಿಂತ ಕೆಳಗಿರುವುದರಿಂದ ಅಲ್ಲಿ ಬೀಳುವುದು ಹೆಚ್ಚುಕಡಿಮೆ ಯಾವಾಗಲೂ ಮಳೆಯೇ. ರಸ್ತೆ ತೆರೆದ ಸುದ್ದಿ ಬಂದ ಮೇಲೆ ಮನಾಲಿಗೆ ಅಲ್ಲಿಂದ ಹಗಲಿನಲ್ಲೇ ತಲುಪಬಹುದು.